ಕ್ಲಿನಿಕ್‌ಗೆ ಪ್ರಪೋಸಲ್ ಬರೆಯುವಾಗ: ಜಾಹೀರಾತಿನ ದುಡ್ಡು ಯಾರ ಖಾತೆಯಿಂದ?

ದಾವಣಗೆರೆಯ ಒಂದು ಮೂಳೆ-ಕೀಲು ಕ್ಲಿನಿಕ್‌ಗೆ ನಮ್ಮ ಡಿಜಿಟಲ್ ಜಾಹೀರಾತು ಏಜೆನ್ಸಿ ಕೊಟ್ಟ ಪ್ರಪೋಸಲ್ ಮೂರು ಪುಟದ್ದು. ಅಲ್ಲಿರುವುದು ಒಬ್ಬರು ಡಾಕ್ಟರು, ಒಬ್ಬರು ಫಿಸಿಯೋಥೆರಪಿಸ್ಟ್, ರಿಸೆಪ್ಷನ್‌ನಲ್ಲಿ ಒಬ್ಬರು. ನಮ್ಮ ಕಡೆಯೂ ಮೂರೇ ಜನ. ಮೊದಲ ಪುಟದಲ್ಲಿ ಪೋಸ್ಟು, ವಿಡಿಯೋ ಯಾವುದರ ಮಾತೂ ಇಲ್ಲ, ಬರೀ ದುಡ್ಡಿನ ವಿಷಯ. ಜಗಳ ಬಂದರೆ ಅಲ್ಲಿಂದಲೇ ಬರುವುದು, ಹಾಗಾಗಿ ಅದನ್ನು ಕೊನೇ ಪುಟದ ಸಣ್ಣ ಅಕ್ಷರಕ್ಕೆ ತಳ್ಳುವುದಿಲ್ಲ.

ಮೊದಲ ಸಾಲು ಹೀಗಿದೆ: 'ಗೂಗಲ್ ಮತ್ತು ಮೆಟಾ ಜಾಹೀರಾತಿನ ಹಣವನ್ನು ಕ್ಲಿನಿಕ್ ತನ್ನ ಖಾತೆಯಿಂದ ನೇರವಾಗಿ ಆ ಕಂಪನಿಗಳಿಗೇ ಕಟ್ಟುತ್ತದೆ. ಏಜೆನ್ಸಿ ತನ್ನ ಕಾರ್ಡ್ ಬಳಸುವುದಿಲ್ಲ.' ಇದಕ್ಕೆ ಡಾಕ್ಟರುಗಳು ಸಾಮಾನ್ಯವಾಗಿ ಕೇಳುವುದು, 'ನೀವೇ ಕಟ್ಟಿಬಿಡಿ, ಎಲ್ಲ ಸೇರಿಸಿ ಒಂದೇ ಬಿಲ್ ಕೊಡಿ' ಅಂತ. ಒಪ್ಪಿಕೊಂಡರೆ ಏನಾಗುತ್ತದೆ ಎನ್ನುವ ಲೆಕ್ಕವನ್ನೂ ಪ್ರಪೋಸಲ್‌ನಲ್ಲೇ ಹಾಕುತ್ತೇವೆ.

ತಿಂಗಳಿಗೆ 20,000 ರೂಪಾಯಿಯ ಜಾಹೀರಾತು ಅಂದುಕೊಳ್ಳಿ. ಅದರ ಮೇಲೆ 18% ಜಿಎಸ್‌ಟಿ ಸೇರಿ ಖಾತೆಯಿಂದ ಹೋಗುವುದು 23,600. ಇದನ್ನು ಏಜೆನ್ಸಿ ಕಟ್ಟಿ, ಗೊತ್ತಿಲ್ಲದೆ ಆ 23,600ರ ಮೇಲೆ ಮತ್ತೆ 18% ಹಾಕಿ ಬಿಲ್ ಮಾಡಿದರೆ 27,848 ಆಗುತ್ತದೆ. ಏಜೆನ್ಸಿ ತನ್ನ ಜಿಎಸ್‌ಟಿ ನಂಬರ್ ಕೊಟ್ಟು, ಕಟ್ಟಿದ 3,600ಕ್ಕೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡು, ಅಂದರೆ ಅದನ್ನು ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು, 20,000ದ ಮೇಲೆ ಮಾತ್ರ ತೆರಿಗೆ ಹಾಕಿದರೆ ಮತ್ತೆ 23,600ಕ್ಕೇ ಬಂದು ನಿಲ್ಲುತ್ತದೆ, ನಿಜ. ಆದರೆ ಆ 20,000 ನಮ್ಮ ವಹಿವಾಟಿನಲ್ಲಿ ಸೇರುತ್ತದೆ, ಟಿಡಿಎಸ್ ಹಿಡಿಯುವವರು ನಮ್ಮ ಶುಲ್ಕದ ಜೊತೆ ಅದರ ಮೇಲೂ ಹಿಡಿಯುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕ್ಲಿನಿಕ್ ಬಿಲ್ ಕೊಡುವುದು ನಲವತ್ತು ದಿನಕ್ಕೆ, ಕಾರ್ಡಿನ ಗಡುವು ಅದಕ್ಕೂ ಮೊದಲು. ಇಂಥ ಐದು ಕ್ಲಿನಿಕ್ ಇದ್ದರೆ 1,18,000 ರೂಪಾಯಿ ಕೈಸಾಲ ಕೊಟ್ಟು ಕೂತಂತೆ.

ಕ್ಲಿನಿಕ್‌ಗೆ ಜಿಎಸ್‌ಟಿ ವಾಪಸ್ ಸಿಗುತ್ತದೆ ಎಂದು ಬಾಯಿಮಾತಿಗೂ ಹೇಳಬೇಡಿ. ವೈದ್ಯಕೀಯ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ, ಆದ್ದರಿಂದ ಅಂಥ ಕ್ಲಿನಿಕ್‌ಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಅವರ ಪಾಲಿಗೆ ಆ 18% ಪೂರ್ತಿ ಖರ್ಚೇ. ಅದಕ್ಕೇ ಪ್ರಪೋಸಲ್‌ನಲ್ಲಿ 'ಜಿಎಸ್‌ಟಿ ಪ್ರತ್ಯೇಕ' ಅಂತ ಬರೆದು ಬಿಡುವುದಿಲ್ಲ. ಏಜೆನ್ಸಿ ಶುಲ್ಕ 18,000, ತೆರಿಗೆ ಸೇರಿ 21,240. ಜಾಹೀರಾತು, ತೆರಿಗೆ ಸೇರಿ 23,600. ತಿಂಗಳಿಗೆ ಒಟ್ಟು 44,840. ಶುರುವಿನಲ್ಲಿ ಒಂದೇ ಸಲ, ಖಾತೆಗಳನ್ನು ಸರಿಪಡಿಸಿ ಪುಟ ಕಟ್ಟುವುದಕ್ಕೆ 15,000, ತೆರಿಗೆ ಸೇರಿ 17,700. ಮೊದಲ ತಿಂಗಳು ಡಾಕ್ಟರ ಜೇಬಿನಿಂದ ಹೋಗುವುದು 62,540. ಈ ಸಂಖ್ಯೆಯನ್ನು ದಪ್ಪಕ್ಷರದಲ್ಲೇ ಹಾಕಿದ್ದೇವೆ.

ಹಣ ತುಂಬುವ ಕ್ರಮವನ್ನೂ ಬರೆದುಕೊಡಬೇಕು. ಕಾರ್ಡಿನಿಂದ ತಾನಾಗಿ ಕಡಿತವಾಗುವ ಪಾವತಿ 15,000 ದಾಟಿದರೆ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಪ್ರತಿ ಸಲ ಒಟಿಪಿ ಬೇಕು. ಡಾಕ್ಟರು ಒಪಿಡಿಯಲ್ಲಿರುವಾಗ ಬಂದ ಒಟಿಪಿ ಅಲ್ಲೇ ಸಾಯುತ್ತದೆ, ಜಾಹೀರಾತೂ ನಿಲ್ಲುತ್ತದೆ. ಆದ್ದರಿಂದ ಗೂಗಲ್ ಆಡ್ಸ್‌ನಲ್ಲಿ ಮೊದಲೇ ಹಣ ತುಂಬುವ ವಿಧಾನ ಇಟ್ಟು, 1ನೇ ಮತ್ತು 16ನೇ ತಾರೀಕು ತಲಾ 11,800 ಯುಪಿಐನಲ್ಲಿ ಹಾಕುವುದು ಅಂತ ಗೊತ್ತು ಮಾಡಿದೆವು. ತುಂಬಿದ ಮೊತ್ತದಲ್ಲೇ ತೆರಿಗೆ ಮುರಿದುಕೊಳ್ಳುವುದರಿಂದ, ಬರೀ 20,000 ಹಾಕಿದರೆ ಜಾಹೀರಾತಿಗೆ ಸಿಗುವುದು 16,949 ಮಾತ್ರ. 'ಉಳಿದ ಮೂರು ಸಾವಿರ ಎಲ್ಲಿ ಹೋಯಿತು' ಅನ್ನುವ ಫೋನು ಬರುವುದು ಇಲ್ಲಿಂದಲೇ.

ಖಾತೆ ಕ್ಲಿನಿಕ್‌ನ ಜಿಮೇಲ್‌ನಲ್ಲೇ ಇರಬೇಕು. ರಿಸೆಪ್ಷನಿಸ್ಟ್‌ರ ಸ್ವಂತ ಜಿಮೇಲ್ ಬೇಡ, ಅವರು ಕೆಲಸ ಬಿಟ್ಟ ದಿನ ಗೂಗಲ್ ಮ್ಯಾಪ್‌ನ ಕ್ಲಿನಿಕ್ ಪುಟವೂ ಅವರ ಹಿಂದೆ ಹೊರಟುಹೋಗುತ್ತದೆ. ನಾವು ಗೂಗಲ್ ಆಡ್ಸ್‌ಗೆ ನಮ್ಮ ಮ್ಯಾನೇಜರ್ ಖಾತೆಯಿಂದ ಜೋಡಿಸಿಕೊಳ್ಳುತ್ತೇವೆ, ಮೆಟಾದಲ್ಲಿ ಪಾರ್ಟ್‌ನರ್ ಆಗಿ ಸೇರುತ್ತೇವೆ. ಪಾಸ್‌ವರ್ಡ್ ಕೇಳುವುದಿಲ್ಲ.

ಶುಲ್ಕದ ಬಗ್ಗೆ ಎರಡು ಬೇಡಿಕೆ ಬರುತ್ತವೆ. ಒಂದು, ಜಾಹೀರಾತಿನ ಮೊತ್ತದ ಮೇಲೆ ಶೇಕಡಾವಾರು. 20,000ಕ್ಕೆ 15% ಅಂದರೆ 3,000. ಅಷ್ಟರಲ್ಲಿ ತಿಂಗಳಿಗೆ ಎಂಟು ಪೋಸ್ಟು, ಎರಡು ವಿಡಿಯೋ ಮಾಡಲು ಆಗುವುದಿಲ್ಲ. ಮೊತ್ತ ದೊಡ್ಡದಾದರೆ ನಮಗೇ ಬಜೆಟ್ ಏರಿಸುವ ಆಸೆ ಹುಟ್ಟುತ್ತದೆ. ಎರಡನೆಯದು, 'ಬಂದ ಪ್ರತಿ ಪೇಷಂಟ್‌ಗೆ ಇಷ್ಟು'. ಇದಕ್ಕೆ ನಾವು ಕೈ ಹಾಕುವುದೇ ಇಲ್ಲ. ವೈದ್ಯರ ನಡವಳಿಕೆ ಕುರಿತ 2002ರ ನಿಯಮಾವಳಿಯ 6.4 ಭಾಗ, ರೋಗಿಯನ್ನು ಕಳಿಸಿದ್ದಕ್ಕೆ ಅಥವಾ ತಂದುಕೊಟ್ಟಿದ್ದಕ್ಕೆ ವೈದ್ಯರು ಕಮಿಷನ್ ಕೊಡುವಂತಿಲ್ಲ, ಪಡೆಯುವಂತಿಲ್ಲ ಎನ್ನುತ್ತದೆ. ತಲೆಗೆ ಇಷ್ಟು ಅಂತ ಬಿಲ್ ಬರೆದರೆ ಸಿಕ್ಕಿಬೀಳುವವರು ಡಾಕ್ಟರು. ಅದೇ ನಿಯಮಾವಳಿಯ 6.1 ರೋಗಿಗಳನ್ನು ಸೆಳೆಯುವ ಪ್ರಚಾರವನ್ನೂ ತಡೆಯುತ್ತದೆ. ಹಾಗಾಗಿ ಜಾಹೀರಾತಿನಲ್ಲಿ ಕ್ಲಿನಿಕ್ ಹೆಸರು, ಸಮಯ, ಜಾಗ, ಏನೇನು ಸೇವೆ, ಫೀಸು ಎಷ್ಟು ಅನ್ನುವಲ್ಲಿಗೆ ನಿಲ್ಲಿಸುತ್ತೇವೆ. 'ನಂಬರ್ ಒನ್', 'ಗ್ಯಾರಂಟಿ' ಯಾವುದೂ ಇಲ್ಲ. 'ನಿಮಗೆ ಮಂಡಿ ನೋವಿದೆಯೇ?' ಅಂತ ಓದುಗರ ಕಾಯಿಲೆಯನ್ನೇ ಎತ್ತಿ ಕೇಳುವ ಸಾಲು ಮೆಟಾದ ನಿಯಮಕ್ಕೂ ಹೊಂದುವುದಿಲ್ಲ. ಪ್ರತಿ ಪೋಸ್ಟಿಗೂ ಡಾಕ್ಟರು ವಾಟ್ಸಾಪ್ ಗುಂಪಿನಲ್ಲಿ 'ಓಕೆ' ಅಂತ ಹಾಕಬೇಕು, ಮೂರು ಕೆಲಸದ ದಿನ ಗಡುವು. ಓಕೆ ಬರದಿದ್ದರೆ ಪೋಸ್ಟ್ ಇಲ್ಲ.

ಇನ್ನು ರಿಪೋರ್ಟ್. ಪ್ರತಿ ತಿಂಗಳ 5ರೊಳಗೆ ಒಂದೇ ಹಾಳೆ. ಎಷ್ಟು ಜನ ನೋಡಿದರು, ಎಷ್ಟು ಲೈಕ್ ಬಂತು ಅನ್ನುವುದು ಹಾಳೆಯ ಕೆಳಗೆ ಎರಡು ಸಾಲು ಮಾತ್ರ. ಮೇಲೆ ಇರಬೇಕಾದದ್ದು ರಿಸೆಪ್ಷನ್‌ನ ಲೆಕ್ಕ. ಜಾಹೀರಾತಿಗೆಂದೇ ಬೇರೆ ಫೋನ್ ನಂಬರ್ ಇಟ್ಟು, ರಿಜಿಸ್ಟರ್‌ನಲ್ಲಿ 'ಹೇಗೆ ಗೊತ್ತಾಯಿತು' ಅನ್ನುವ ಒಂದು ಕಾಲಂ ಹಾಕಿಸಬೇಕು. ನಮಗೆ ಬೇಕಾದದ್ದು ಎಣಿಕೆ ಮಾತ್ರ. ಪೇಷಂಟ್ ಹೆಸರು, ಕಾಯಿಲೆ ನಮ್ಮ ಶೀಟಿಗೆ ಬರುವಂತಿಲ್ಲ ಎಂದೂ ಬರೆದಿದ್ದೇವೆ.

ಮಾದರಿ ಹಾಳೆಯನ್ನು ಪ್ರಪೋಸಲ್‌ಗೇ ಅಂಟಿಸುತ್ತೇವೆ, ಉದಾಹರಣೆಯ ಸಂಖ್ಯೆ ತುಂಬಿ. ಕಾಲ್ ಬಟನ್ ಒತ್ತಿದವರು 62. ನಿಜವಾಗಿ ಫೋನ್ ರಿಂಗಾದದ್ದು 41, ಉಳಿದವರು ಒತ್ತಿ ವಾಪಸ್ ಹೋದವರು. ಎತ್ತಿದ್ದು 29. ಅಪಾಯಿಂಟ್‌ಮೆಂಟ್ 14, ಬಂದವರು 11. ಒಬ್ಬ ಹೊಸ ಪೇಷಂಟ್‌ಗೆ ಬಿದ್ದ ಜಾಹೀರಾತಿನ ಖರ್ಚು 2,145. ನಮ್ಮ ಶುಲ್ಕವೂ ಸೇರಿದರೆ 4,076. ಎರಡನೆಯದನ್ನು ಮುಚ್ಚಿಡುವ ಏಜೆನ್ಸಿಗಳೇ ಹೆಚ್ಚು. ಡಾಕ್ಟರು ಹೇಗೂ ಮನಸ್ಸಿನಲ್ಲಿ ಭಾಗಿಸಿಯೇ ನೋಡುತ್ತಾರೆ, ನಾವೇ ಬರೆದಿಟ್ಟರೆ ಮಾತು ಸುಲಭ.

ಈ ಹಾಳೆಯಲ್ಲಿ ಕಣ್ಣು ಹೋಗಬೇಕಾದದ್ದು ಎತ್ತದೆ ಬಿಟ್ಟ 12 ಕರೆಗಳ ಮೇಲೆ. ಗಂಟೆವಾರು ನೋಡಿದರೆ ಅದರಲ್ಲಿ 9 ಮಧ್ಯಾಹ್ನ 1.30ರಿಂದ 5ರ ನಡುವಿನವು, ಅಂದರೆ ಕ್ಲಿನಿಕ್ ಬಾಗಿಲು ಹಾಕಿರುವ ಹೊತ್ತು. ಇಂಥಲ್ಲಿ ಬಜೆಟ್ ಏರಿಸುವುದು ತಪ್ಪು ಮದ್ದು. ಆ ವೇಳೆಗೆ ಜಾಹೀರಾತು ನಿಲ್ಲಿಸುವಂತೆ ಶೆಡ್ಯೂಲ್ ಹಾಕಬೇಕು, ಇಲ್ಲವೇ ಫೋನನ್ನು ಮನೆಗೆ ಒಯ್ಯುವವರು ಯಾರು ಅಂತ ಗೊತ್ತು ಮಾಡಬೇಕು. 'ಮಿಸ್ ಆದ ಕರೆಗೆ ಎರಡು ಗಂಟೆಯೊಳಗೆ ಕ್ಲಿನಿಕ್ ವಾಪಸ್ ಫೋನ್ ಮಾಡುತ್ತದೆ' ಎನ್ನುವ ಸಾಲು ನಮ್ಮ ಪ್ರಪೋಸಲ್‌ನಲ್ಲಿ ಕ್ಲಿನಿಕ್‌ನ ಕೆಲಸಗಳ ಪಟ್ಟಿಗೆ ಸೇರಿದ್ದು ಈ ಲೆಕ್ಕದಿಂದಲೇ.

ಬಿಡುವುದಾದರೆ ಯಾವ ಕಡೆಯಿಂದಲಾದರೂ 30 ದಿನದ ನೋಟಿಸ್. ಖಾತೆ, ಅದರಲ್ಲಿ ಉಳಿದ ಹಣ, ಪೋಸ್ಟುಗಳ ಮೂಲ ಫೈಲು ಎಲ್ಲವೂ ಕ್ಲಿನಿಕ್‌ನವು. ಕೊನೇ ದಿನ ನಮ್ಮ ಪ್ರವೇಶವನ್ನು ಡಾಕ್ಟರೇ ತೆಗೆಯಬಹುದು, ಅದನ್ನು ಹೇಗೆ ಮಾಡುವುದೆಂದು ಮೂರನೇ ಪುಟದಲ್ಲಿ ಬರೆದುಕೊಟ್ಟಿದ್ದೇವೆ.