ಕೆಲಸ ಬಿಡುವಾಗ ಎಚ್‌ಆರ್ ಫಾರ್ಮ್‌ನಲ್ಲಿ ಏನು ಬರೆಯಬೇಕು?

ನೋಟಿಸ್ ಪೀರಿಯಡ್ ಮುಗಿಯುವ ಹೊತ್ತಿಗೆ ಎಚ್‌ಆರ್ ಒಂದು ಫಾರ್ಮ್ ಕೊಡುತ್ತಾರೆ. 'ಕೆಲಸ ಬಿಡಲು ಕಾರಣವೇನು?' ಎಂಬುದು ಅದರ ಮುಖ್ಯ ಪ್ರಶ್ನೆ. ಎಷ್ಟೋ ಜನ 'ವೈಯಕ್ತಿಕ ಕಾರಣ' ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಕೆಲವರು ಇದ್ದಬದ್ದ ಸಿಟ್ಟನ್ನೆಲ್ಲ ಅಲ್ಲೇ ಕಾರಿಬಿಡುತ್ತಾರೆ. ಎರಡರಿಂದಲೂ ಕಂಪನಿಗೆ ಏನೂ ತಿಳಿಯುವುದಿಲ್ಲ.

ಮೊದಲು ಮನೆಯಲ್ಲಿ ಕೂತು ಅನಿಸಿದ್ದನ್ನೆಲ್ಲ ಬರೆಯಿರಿ. ಇದು ಯಾರಿಗೂ ಕೊಡಲಿಕ್ಕಲ್ಲ. ಹುಬ್ಬಳ್ಳಿ ಹತ್ತಿರದ ತಾರಿಹಾಳದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದ ಹುಡುಗಿ, ದಿನಾ ಧಾರವಾಡದಿಂದ ಬಂದು ಹೋಗುವವಳು ಎಂದಿಟ್ಟುಕೊಳ್ಳಿ. ಅವಳು ಹೀಗೆ ಬರೆದಳು: 'ಸೂಪರ್‌ವೈಸರ್‌ಗೆ ಪ್ಲಾನಿಂಗ್ ಅನ್ನೋದೇ ಇಲ್ಲ. ಬೇಕಾದವರಿಗೆ ಒಳ್ಳೆ ಶಿಫ್ಟ್ ಕೊಡ್ತಾರೆ.'

ಮರುದಿನ ಪ್ರತಿ ಸಾಲಿಗೂ ಮೂರು ಪ್ರಶ್ನೆ ಕೇಳಿ. ಏನಾಯಿತು? ಎಷ್ಟು ಸಲ? ಅದರಿಂದ ಕೆಲಸಕ್ಕೆ ಏನು ನಷ್ಟವಾಯಿತು? ಉತ್ತರವಿಲ್ಲದ ಸಾಲನ್ನು ಹೊಡೆದುಹಾಕಿ. 'ಬೇಕಾದವರಿಗೆ' ಎಂಬುದು ಅವಳ ಊಹೆ. ತೋರಿಸಲು ಅವಳ ಹತ್ತಿರ ಏನೂ ಇಲ್ಲ, ಹಾಗಾಗಿ ಆ ಸಾಲು ಹೋಯಿತು. ಉಳಿದದ್ದು ಹೀಗಾಯಿತು:

'ಕಳೆದ ಮೂರು ತಿಂಗಳಲ್ಲಿ ಐದು ಸಲ ಶಿಫ್ಟ್ ಹಿಂದಿನ ರಾತ್ರಿ ಬದಲಾಯಿತು. ದೂರದಿಂದ ಬರುವವರು ತಡವಾದಾಗ ಮೊದಲ ಗಂಟೆಯ ಮಾಲು ತಪಾಸಣೆ ಆಗದೆ ಉಳಿಯುತ್ತಿತ್ತು. ಇದನ್ನು ಸೂಪರ್‌ವೈಸರ್ ಅವರಿಗೂ ಹೇಳಿದ್ದೆ. ವಾರದ ಪಟ್ಟಿ ಶುಕ್ರವಾರವೇ ಹಾಕಿದರೆ ಸರಿಹೋಗಬಹುದು.'

ಇದರಲ್ಲಿ ಬೈಗುಳವೂ ಇಲ್ಲ, ಸುಳ್ಳೂ ಇಲ್ಲ. ನಾಳೆಯೇ ಮಾಡಬಹುದಾದ ಒಂದು ಕೆಲಸವಿದೆ. ಇಂಥವು ಎರಡು ಸಾಕು. ಹತ್ತು ಬರೆದರೆ ಓದುವವರು ಅದನ್ನು ಗೊಣಗಾಟ ಎಂದು ಪಕ್ಕಕ್ಕಿಡುತ್ತಾರೆ. ಚೆನ್ನಾಗಿದ್ದ ಒಂದು ಸಂಗತಿಯನ್ನೂ ಹೇಳಿ, ಆದರೆ 'ಎಲ್ಲರೂ ಒಳ್ಳೆಯವರು' ಎನ್ನಬೇಡಿ. 'ಹೊಸ ಗೇಜ್ ಬಳಸಲು ಮೇಂಟೆನೆನ್ಸ್‌ನವರು ಒಂದು ವಾರ ಜೊತೆಗಿದ್ದು ಕಲಿಸಿದರು' ಎಂದರೆ ಅದಕ್ಕೆ ತೂಕವಿದೆ.

'ಗುಟ್ಟಾಗಿ ಇಡುತ್ತೇವೆ' ಎಂಬ ಮಾತನ್ನು ಜಾಸ್ತಿ ನೆಚ್ಚಬೇಡಿ. ನಾಲ್ಕು ಜನರ ವಿಭಾಗದಲ್ಲಿ ಯಾರು ಬರೆದದ್ದು ಎಂದು ಊಹಿಸುವುದು ಕಷ್ಟವಲ್ಲ, ಅಲ್ವಾ? ಸೂಪರ್‌ವೈಸರ್ ಓದುತ್ತಾರೆ ಎಂದುಕೊಂಡೇ ಬರೆಯಿರಿ. ಸಹೋದ್ಯೋಗಿ ಟೀ ಕುಡಿಯುವಾಗ ಹೇಳಿದ್ದನ್ನು ಬರೆಯಬೇಡಿ. ನೀವು ಹೋಗುತ್ತೀರಿ, ಅವರು ಅಲ್ಲೇ ಇರುತ್ತಾರೆ. ಹೊಸ ಕಂಪನಿ, ಹೊಸ ಸಂಬಳದ ವಿಷಯವೂ ಬೇಡ. ಹುಬ್ಬಳ್ಳಿ-ಧಾರವಾಡದಲ್ಲಿ ಇವತ್ತಿನ ಮ್ಯಾನೇಜರ್ ನಾಳೆ ಗೋಕುಲ ರಸ್ತೆಯ ಇನ್ನೊಂದು ಕಂಪನಿಯಲ್ಲಿ ನಿಮ್ಮ ಸಂದರ್ಶನಕ್ಕೆ ಕೂತಿರಬಹುದು.

ಕೆಲವು ದೂರುಗಳಿಗೆ ಈ ಫಾರ್ಮ್ ಜಾಗವೇ ಅಲ್ಲ. ಲೈಂಗಿಕ ಕಿರುಕುಳವಾದರೆ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು. 2013ರ ಕಾಯ್ದೆಯಂತೆ ಅದಕ್ಕೆ ಸಾಮಾನ್ಯವಾಗಿ ಮೂರು ತಿಂಗಳ ಗಡುವಿದೆ. ಪಿಎಫ್ ಕಟ್ಟದಿದ್ದರೆ ನವನಗರದ ಪಿಎಫ್ ಕಚೇರಿಗೆ ಹೋಗಿ.

ಫಾರ್ಮ್ ಕೊಡುವ ಮುಂಚೆ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಎದುರು ಕೂರಿಸಿ ಕೇಳಿದಾಗ ಅದರಲ್ಲಿ ಇರುವುದನ್ನಷ್ಟೇ ಹೇಳಿ. 'ಇನ್ನೇನಾದರೂ ಇದೆಯಾ?' ಎಂದು ಕೆದಕಿದರೆ 'ಬರೆದಿದ್ದೇನೆ ಸರ್, ಅಷ್ಟೇ' ಎಂದರೆ ಸಾಕು.