ಸಮ್ಮರ್ ಕ್ಯಾಂಪಾ, ಕ್ಲಾಸಾ, ಮನೇನಾ? ಗಂಟೆ ಲೆಕ್ಕ ಹಾಕಿ ನೋಡಿ

ಏಪ್ರಿಲ್ ಬಂತು ಅಂದ್ರೆ ಬೆಂಗಳೂರಲ್ಲಿ ಇಬ್ರೂ ಕೆಲಸಕ್ಕೆ ಹೋಗೋ ಮನೇಲಿ ಒಂದೇ ಟೆನ್ಷನ್, ಮಗೂನ ಎಲ್ಲಿ ಬಿಡೋದು. ಎಲ್ರೂ ಮೊದ್ಲು ಫೀಸ್ ಎಷ್ಟು ಅಂತ ಕೇಳ್ತಾರೆ, ನಾನೂ ಹಂಗೇ ಮಾಡಿ ಒಂದು ವರ್ಷ ಪೇಚಾಡಿದೀನಿ.

ಮೊದ್ಲು ನಿಮಗೆ ಎಷ್ಟು ಗಂಟೆ ಬೇಕು ಅಂತ ಬರ್ಕೊಳ್ಳಿ. ನಮಗೆ ಬೆಳಗ್ಗೆ 9ರಿಂದ ಸಂಜೆ 6, ಅಂದ್ರೆ ವಾರಕ್ಕೆ 45 ಗಂಟೆ, ಆರು ವಾರಕ್ಕೆ 270.

ಆಮೇಲೆ ಒಂದೊಂದಕ್ಕೂ ಪೂರ್ತಿ ಖರ್ಚು ಬರೀರಿ. ನಾವು ನೋಡಿದ ಕ್ಯಾಂಪ್ ಎರಡು ವಾರದ್ದು, 9:30ರಿಂದ 12:30, ಫೀಸ್ 6000. ಅದರ ಮೇಲೆ ವ್ಯಾನಿಗೆ 1500, ಟೀ ಶರ್ಟು ಬಣ್ಣ ಅದೂ ಇದೂ 500, ಒಟ್ಟು 8000. ಹತ್ತು ದಿನದಲ್ಲಿ ಮೇ 1 ರಜೆ, ಉಳಿದಿದ್ದು 27 ಗಂಟೆ. ಗಂಟೆಗೆ ಸುಮಾರು 296 ರೂಪಾಯಿ ಬಿತ್ತು!

ಸ್ವಿಮ್ಮಿಂಗ್ ಕ್ಲಾಸು ವಾರಕ್ಕೆ ಮೂರು ದಿನ ಒಂದೊಂದು ಗಂಟೆ, ತಿಂಗಳಿಗೆ 3000, ಗಂಟೆಗೆ 250. ಆದ್ರೆ ಕರ್ಕೊಂಡೋಗಿ ಅಲ್ಲೇ ಟವಲ್ ಹಿಡ್ಕೊಂಡು ಕೂರೋರು ನಾವೇ ತಾನೇ, ಹಾಗಾಗಿ ನಮಗೆ ಸಿಗೋ ಬಿಡುವು ಸೊನ್ನೆ. ಈ ಕಾಲಂ ಯಾರೂ ಹಾಕಲ್ಲ, ಹಾಕಿ.

ಮನೇಲೇ ಇದ್ರೆ ನೋಡ್ಕೊಳೋ ಅಕ್ಕನಿಗೆ ವಾರಕ್ಕೆ 3000, ಆರು ವಾರಕ್ಕೆ 18,000. ಕೇಳೋಕೆ ಇದೇ ದೊಡ್ಡ ಮೊತ್ತ, ಭಾಗಿಸಿದ್ರೆ ಗಂಟೆಗೆ 67.

ಎಡವಟ್ಟಾಗೋದು ಇಲ್ಲೇ. ಕ್ಯಾಂಪಿಗೆ ಹಾಕಿದ್ರೆ ಅಕ್ಕನ ಖರ್ಚು ಉಳಿಯುತ್ತೆ ಅಂದ್ಕೊಂಡಿದ್ವಿ. ಉಳಿಯಲ್ಲ, ಯಾಕಂದ್ರೆ 12:30ಕ್ಕೆ ಮಗು ವಾಪಸ್ ಬರುತ್ತೆ, ಆಗ ಮನೇಲಿ ಯಾರಾದ್ರೂ ಇರ್ಲೇಬೇಕು, ಮೂರು ಗಂಟೆ ಲೇಟಾಗಿ ಬಾ ಅಂದ್ರೆ ಅಕ್ಕ ಸಂಬಳ ಕಮ್ಮಿ ಮಾಡ್ಕೊಳಲ್ಲ, ಮಾಡ್ಕೋ ಅನ್ನೋದು ನ್ಯಾಯಾನೂ ಅಲ್ಲ. ಅಂದ್ರೆ 18,000ದ ಮೇಲೆ 8000. ಕ್ಯಾಂಪ್ ಮಗೂನ ಖುಷಿಗೆ ಕೊಡೋ ದುಡ್ಡು, ಕಾಯೋದಕ್ಕೆ ಅಲ್ಲ. ಹಂಗಂತ ತಿಳ್ಕೊಂಡು ಹಾಕೋದಾದ್ರೆ ಧಾರಾಳವಾಗಿ ಹಾಕಿ. ಪೂರ್ತಿ ದಿನದ ಡೇಕೇರ್ ಸಿಕ್ರೆ ಅದನ್ನೂ ಇದೇ ತರ ಭಾಗಿಸಿ ನೋಡಿ, ಮಧ್ಯಾಹ್ನದ ಊಟ ಸೇರಿದ್ಯಾ ಅಂತ ಮರೀದೆ ಕೇಳಿ.

ಈ ಸಲ ನಾವು ಎರಡು ವಾರ ತಿಪಟೂರಿಗೆ ಅಜ್ಜಿ ಮನೆಗೆ ಕಳಿಸ್ತಿದೀವಿ. ಅಮ್ಮ ಮಗಳು ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಹೋದ್ರೆ ಶಕ್ತಿ ಯೋಜನೇಲಿ ಟಿಕೆಟ್ ಫ್ರೀ. ಆ ಎರಡು ವಾರ ಅಕ್ಕನಿಗೆ ಅರ್ಧ ಸಂಬಳ ಕೊಡ್ತೀವಿ ಅಂತ ಮಾರ್ಚಲ್ಲೇ ಮಾತಾಡಿದ್ವಿ, ಇಲ್ಲಾಂದ್ರೆ ಅವ್ರು ಬೇರೆ ಮನೆ ಹಿಡೀತಾರೆ, ಜೂನ್‌ಗೆ ನಾವು ಕೈ ಕೈ ಹಿಸುಕೋಬೇಕು. ಒಟ್ಟು 15,000 ಆಯ್ತು. ಉಳಿದ 3000 ಸ್ವಿಮ್ಮಿಂಗಿಗೆ, ಬೆಳಗ್ಗೆ 6:30ರ ಬ್ಯಾಚು, ಟವಲ್ ಡ್ಯೂಟಿ ಅವರಪ್ಪಂದು.