ರಕ್ತಪರೀಕ್ಷೆಯ ಫೋಟೊ ನೋಡಿ ಟೇಬಲ್ ಮಾಡುವಾಗ ತಪ್ಪು ಓದಿದ್ದು ಗೊತ್ತಾಗುವುದು ಹೇಗೆ?

ಹೋದ ಮಳೆಗಾಲದಲ್ಲಿ ಅಮ್ಮನ ರಕ್ತಪರೀಕ್ಷೆಯ ರಿಪೋರ್ಟ್ ಊರಿನಿಂದ ವಾಟ್ಸಾಪಿನಲ್ಲಿ ಬಂತು. ತಮ್ಮ ಅದನ್ನು ಹಾಸಿಗೆ ಮೇಲೆ ಇಟ್ಟು ಫೋಟೊ ತೆಗೆದಿದ್ದ. ಹಾಳೆಯ ನಡುವೆ ಮಡಿಕೆ, ಒಂದು ಮೂಲೆಯಲ್ಲಿ ಟ್ಯೂಬ್‌ಲೈಟಿನ ಹೊಳಪು. ಹಳೆಯ ರಿಪೋರ್ಟುಗಳ ಜೊತೆ ಇದನ್ನೂ ಸೇರಿಸಿ ಒಂದೇ ಹಾಳೆಯಲ್ಲಿ ಬರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿದ್ದರು. ನಾನು ಫೋಟೊ ನೋಡಿಕೊಂಡು ಟೈಪ್ ಮಾಡಿದೆ. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎಂಬುದರ ಎದುರು 38.1 ಎಂದು ಬರೆದೆ. ಹಾಳೆಯಲ್ಲಿ ಇದ್ದದ್ದು 33.1. ಮಡಿಕೆಯ ನೆರಳಿನಲ್ಲಿ ಮೂರು ನನಗೆ ಎಂಟಾಗಿ ಕಂಡಿತ್ತು.

ಇದು ಸಣ್ಣ ತಪ್ಪಲ್ಲ. ಆ ಲ್ಯಾಬಿನ ಪ್ರಕಾರ ಹೆಂಗಸರಿಗೆ ಪಿಸಿವಿ 36ರಿಂದ 46ರ ನಡುವೆ ಇರಬೇಕು. 38.1 ಆದರೆ ಸರಿಯಾಗಿದೆ, 33.1 ಆದರೆ ಕಡಿಮೆ. ತಪ್ಪು ಸಿಕ್ಕಿದ್ದು ಫೋಟೊ ಮತ್ತೆ ನೋಡಿದ್ದರಿಂದಲ್ಲ. ಅದೇ ಹಾಳೆಯ ಬೇರೆ ಅಂಕಿಗಳೇ ಅದನ್ನು ತೋರಿಸಿಕೊಟ್ಟವು. ಆ ಲೆಕ್ಕ ಏನೆಂದು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಟೇಬಲ್ ಸಿದ್ಧವಾಗಬೇಕು.

ಮೊದಲು ಒಳ್ಳೆಯ ಪ್ರತಿ

ಈಗ ಎಷ್ಟೋ ಲ್ಯಾಬುಗಳು ರಿಪೋರ್ಟನ್ನು ಪಿಡಿಎಫ್ ಆಗಿ ಕಳಿಸುತ್ತವೆ. ಮೊದಲು ಅದನ್ನು ಕೇಳಿ. ಸಿಗದಿದ್ದರೆ ಹಾಳೆಯನ್ನು ಕಿಟಕಿಯ ಹತ್ತಿರ, ಸಮತಟ್ಟಾದ ನೆಲದ ಮೇಲೆ ಇಟ್ಟು, ಫ್ಲ್ಯಾಶ್ ಇಲ್ಲದೆ, ಫೋನನ್ನು ನೇರ ಮೇಲಿನಿಂದ ಹಿಡಿದು ತೆಗೆಯಲು ಹೇಳಿ. ಓರೆಯಾಗಿ ತೆಗೆದ ಫೋಟೊದಲ್ಲಿ ಸಾಲುಗಳು ಬಾಗುತ್ತವೆ. ಆಗ ಹಿಮೋಗ್ಲೋಬಿನ್ನಿನ ಮುಂದೆ ಪಕ್ಕದ ಸಾಲಿನ ಅಂಕಿ ಇರುವಂತೆ ಕಾಣುತ್ತದೆ. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಲಿ. ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಮೊದಲು ಮಸುಕಾಗುವುದೇ ದಶಮಾಂಶದ ಚುಕ್ಕೆ.

ಫೋಟೊದಿಂದ ಅಕ್ಷರ ಎತ್ತಿಕೊಳ್ಳುವ ಸೌಲಭ್ಯ ಫೋನುಗಳಲ್ಲಿದೆ. ನಾನು ಅದನ್ನು ಪರೀಕ್ಷೆಗಳ ಹೆಸರಿಗೆ ಮಾತ್ರ ಬಳಸುತ್ತೇನೆ. ಅದು ಒಂದೊಂದು ಸಲ ಒಂದು ಕಾಲಮ್ ಪೂರ್ತಿ ಓದಿ, ಆಮೇಲೆ ಮುಂದಿನ ಕಾಲಮ್ ಓದುತ್ತದೆ. ಆಗ ಯಾವ ಅಂಕಿ ಯಾವ ಪರೀಕ್ಷೆಯದು ಎಂಬುದೇ ಕಲಸಿಹೋಗುತ್ತದೆ. ಅಂಕಿಗಳನ್ನು ಕೈಯಿಂದಲೇ ಟೈಪ್ ಮಾಡಿ.

ಟೇಬಲಿನ ಆಕಾರ

ಗೂಗಲ್ ಶೀಟ್ಸ್ ಸಾಕು. ಮೇಲೆ ವಯಸ್ಸು, ಗಂಡೋ ಹೆಣ್ಣೋ, ರಕ್ತ ತೆಗೆದ ದಿನ ಮತ್ತು ಲ್ಯಾಬಿನ ಹೆಸರು ಬರೆಯಿರಿ. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 04/07 ಅಂದರೆ ನಮಗೆ ಜುಲೈ 4, ಅಮೆರಿಕದಲ್ಲಿರುವ ಮಗನಿಗೆ ಅದು ಏಪ್ರಿಲ್ 7. ವಯಸ್ಸು, ಲಿಂಗ ಬಿಡಬಾರದು. ಹಿಮೋಗ್ಲೋಬಿನ್ನಿನಂಥ ಪರೀಕ್ಷೆಗೆ ಗಂಡಸರ ಮಿತಿ ಬೇರೆ, ಹೆಂಗಸರ ಮಿತಿ ಬೇರೆ. ಕೆಲವು ಹಾಳೆಗಳಲ್ಲಿ ಎರಡನ್ನೂ ಒಂದರ ಕೆಳಗೊಂದು ಅಚ್ಚು ಮಾಡಿರುತ್ತಾರೆ. ಟೇಬಲಿಗೆ ಹೋಗಬೇಕಾದದ್ದು ಒಂದೇ.

ಮಿತಿಯನ್ನು ಯಾವಾಗಲೂ ಆ ಹಾಳೆಯಿಂದಲೇ ತೆಗೆದುಕೊಳ್ಳಿ. ಅಂತರ್ಜಾಲದಲ್ಲಿ ಹುಡುಕಿ ಹಾಕಬೇಡಿ. ಲ್ಯಾಬಿನ ಯಂತ್ರ ಮತ್ತು ವಿಧಾನಕ್ಕೆ ತಕ್ಕಂತೆ ಮಿತಿ ಬದಲಾಗುತ್ತದೆ.

ಕನಿಷ್ಠಕ್ಕೆ ಒಂದು ಕಾಲಮ್, ಗರಿಷ್ಠಕ್ಕೆ ಇನ್ನೊಂದು ಇರಲಿ. ಟೇಬಲಿನ ಒಂದೇ ಮನೆಯಲ್ಲಿ 1-6 ಎಂದು ಬರೆದರೆ ಶೀಟ್ಸ್ ಅದನ್ನು ತಾರೀಖು ಮಾಡಿಬಿಡುತ್ತದೆ. ಇಯೋಸಿನೋಫಿಲ್ ಮುಂದೆ ಒಂದು ತಾರೀಖು ಕೂತಿದ್ದರೆ ಆಗಿದ್ದು ಇದೇ. 1,98,000 ಎಂಬಂಥ ಅಂಕಿಯಲ್ಲಿ ಅಲ್ಪವಿರಾಮ ಹಾಕಬೇಡಿ. ಸೆಟ್ಟಿಂಗ್ ಬೇರೆ ದೇಶದ್ದಾಗಿದ್ದರೆ ಅದು ಸಂಖ್ಯೆಯಾಗಿ ಉಳಿಯದೆ ಬರೀ ಅಕ್ಷರವಾಗಬಹುದು.

ಅಮ್ಮನ ರಿಪೋರ್ಟ್ ತಿದ್ದಿದ ಮೇಲೆ ಹೀಗಿತ್ತು. ಕೆಲವು ಸಾಲು ಮಾತ್ರ ಕೊಡುತ್ತಿದ್ದೇನೆ.

| ಪರೀಕ್ಷೆ | ಫಲಿತಾಂಶ | ಯೂನಿಟ್ | ಕನಿಷ್ಠ | ಗರಿಷ್ಠ | ಗುರುತು |
|---|---|---|---|---|---|
| ಹಿಮೋಗ್ಲೋಬಿನ್ | 10.4 | g/dL | 12.0 | 15.0 | ಕಡಿಮೆ |
| ಆರ್‌ಬಿಸಿ | 4.62 | mill/cumm | 3.8 | 4.8 | |
| ಪಿಸಿವಿ | 33.1 | % | 36 | 46 | ಕಡಿಮೆ |
| ಎಂಸಿವಿ | 71.6 | fL | 83 | 101 | ಕಡಿಮೆ |
| ಎಂಸಿಎಚ್ | 22.5 | pg | 27 | 32 | ಕಡಿಮೆ |
| ಎಂಸಿಎಚ್‌ಸಿ | 31.4 | g/dL | 31.5 | 34.5 | ಕಡಿಮೆ |
| ಇಯೋಸಿನೋಫಿಲ್ | 6 | % | 1 | 6 | |
| ಪ್ಲೇಟ್‌ಲೆಟ್ | 2.35 | lakh/cumm | 1.5 | 4.1 | |

ಯೂನಿಟ್ಟನ್ನು ಹಾಳೆಯಲ್ಲಿ ಇದ್ದ ಹಾಗೆಯೇ ಬರೆಯಿರಿ. ಅಮ್ಮನ ಹಿಂದಿನ ರಿಪೋರ್ಟ್ ಬೇರೆ ಲ್ಯಾಬಿನದು. ಅದರಲ್ಲಿ ಪ್ಲೇಟ್‌ಲೆಟ್ 235 ಎಂದಿತ್ತು, ಯೂನಿಟ್ 10^3/µL. ಇದರಲ್ಲಿ 2.35. ಯೂನಿಟ್ ಬಿಟ್ಟು ಬರೆದಿದ್ದರೆ ನೋಡಿದವರ ಎದೆ ಧಸಕ್ ಎನ್ನುತ್ತಿತ್ತು. ನಿಜಕ್ಕೂ ಎರಡೂ ಒಂದೇ. ಒಂದು ಮೈಕ್ರೊಲೀಟರ್ ಅಂದರೆ ಒಂದು ಘನ ಮಿಲಿಮೀಟರ್, 235 ಸಾವಿರ ಅಂದರೆ 2.35 ಲಕ್ಷ. ಹೀಗಿದ್ದಾಗ ಮೂಲ ಅಂಕಿಯನ್ನು ತಿದ್ದಬೇಡಿ, ಪಕ್ಕದಲ್ಲಿ ಹೊಸ ಕಾಲಮ್ ಮಾಡಿ ಬದಲಾಯಿಸಿದ ಅಂಕಿ ಬರೆಯಿರಿ. ಇಂಗ್ಲೆಂಡಿನಲ್ಲಿರುವ ಅಕ್ಕನಿಗೂ ನಾನು ಹೀಗೇ ಮಾಡಿ ಕಳಿಸಿದೆ. ಅಲ್ಲಿ ಹಿಮೋಗ್ಲೋಬಿನ್ನನ್ನು ಲೀಟರಿಗೆ ಗ್ರಾಂ ಲೆಕ್ಕದಲ್ಲಿ ಬರೆಯುತ್ತಾರೆ. ಅಮ್ಮನ 10.4 ಅವರಿಗೆ 104.

ಗುರುತು ಹಾಕುವುದು

ಹೆಚ್ಚು, ಕಡಿಮೆ ಎಂದು ಕಣ್ಣಳತೆಯಲ್ಲಿ ಬರೆಯಬೇಡಿ. ಫಲಿತಾಂಶ B ಕಾಲಮಿನಲ್ಲಿ, ಕನಿಷ್ಠ D, ಗರಿಷ್ಠ E ಆಗಿದ್ದು, ಮೊದಲ ಪರೀಕ್ಷೆ ಶೀಟಿನ 2ನೇ ಸಾಲಿನಲ್ಲಿದ್ದರೆ (ಬೇರೆ ಸಾಲಿನಲ್ಲಿದ್ದರೆ 2ರ ಬದಲು ಆ ಸಾಲಿನ ಸಂಖ್ಯೆ ಹಾಕಿ) ಗುರುತಿನ ಕಾಲಮಿಗೆ ಈ ಸೂತ್ರ ಹಾಕಿ ಕೆಳಗಿನವರೆಗೆ ಎಳೆಯಿರಿ:

```
=IF(B2="","",IF(NOT(ISNUMBER(B2)),"ನೋಡಿ",IF(AND(D2<>"",B2<D2),"ಕಡಿಮೆ",IF(AND(E2<>"",B2>E2),"ಹೆಚ್ಚು",""))))
```

ಫಲಿತಾಂಶ ಸಂಖ್ಯೆಯಾಗಿರದಿದ್ದರೆ ಇದು "ನೋಡಿ" ಎನ್ನುತ್ತದೆ. ಕೆಲವು ಫಲಿತಾಂಶಗಳು <0.01 ಎಂದು ಬರುತ್ತವೆ. ಆ < ಚಿಹ್ನೆಯೂ ಫಲಿತಾಂಶದ ಭಾಗ, ಅದನ್ನು ಅಳಿಸಿ ಬರೀ ಅಂಕಿ ಉಳಿಸಬಾರದು. ಇನ್ನು ಎಚ್‌ಡಿಎಲ್ ಕೊಲೆಸ್ಟ್ರಾಲಿಗೆ ಎಷ್ಟೋ ಹಾಳೆಗಳು 40ಕ್ಕಿಂತ ಜಾಸ್ತಿ ಇರಲಿ ಎಂದಷ್ಟೇ ಹೇಳುತ್ತವೆ. ಅಲ್ಲಿ ಗರಿಷ್ಠದ ಮನೆ ಖಾಲಿ ಬಿಡಿ, ಸೂತ್ರ ಅದನ್ನು ತಾನೇ ದಾಟಿಕೊಂಡು ಹೋಗುತ್ತದೆ.

ಬಣ್ಣ ಹಾಕುವುದಾದರೆ ಹಾಕಿ, ಆದರೆ ಪದವೂ ಇರಲಿ. ಕಪ್ಪುಬಿಳುಪು ಪ್ರಿಂಟಿನಲ್ಲಿ ಬಣ್ಣ ಕಾಣುವುದಿಲ್ಲ ಅಲ್ವಾ?

ಗುರುತುಗಳೆಲ್ಲ ಒಂದೇ ತೂಕದವಲ್ಲ. ಅಮ್ಮನ ಎಂಸಿಎಚ್‌ಸಿ 31.4, ಮಿತಿ 31.5. ಇದು ಕೂದಲೆಳೆಯಷ್ಟು ಕಡಿಮೆ. ಎಂಸಿವಿ 71.6, ಮಿತಿ 83. ಇದು ನಿಜಕ್ಕೂ ಕೆಳಗೆ. ಸೂತ್ರ ಎರಡಕ್ಕೂ ಒಂದೇ ಪದ ಬರೆಯುತ್ತದೆ. ಜೊತೆಗೆ, ಸಾಮಾನ್ಯವಾಗಿ ಈ ಮಿತಿಗಳನ್ನು ಆರೋಗ್ಯವಂತರಲ್ಲಿ ನಡುವಿನ 95 ಶೇಕಡ ಜನ ಒಳಗೆ ಬರುವಂತೆ ಗುರುತಿಸಿರುತ್ತಾರೆ. ಅಂದರೆ ಏನೂ ತೊಂದರೆ ಇಲ್ಲದವರಲ್ಲೂ ನೂರಕ್ಕೆ ಐವರು ಹೊರಗೆ ಬೀಳುತ್ತಾರೆ. ಹಾಗಾಗಿ ಟೇಬಲಿನಲ್ಲಿ ಕಾಯಿಲೆಯ ಹೆಸರು ಬರೆಯಬೇಡಿ, ಅದು ಡಾಕ್ಟರ ಕೆಲಸ.

ಹಾಳೆಯೇ ತಪ್ಪು ತೋರಿಸುತ್ತದೆ

ಈಗ ಆ ಲೆಕ್ಕ. ರಕ್ತಕಣಗಳ ಪರೀಕ್ಷೆಯಲ್ಲಿ ಎಲ್ಲ ಅಂಕಿಗಳನ್ನೂ ಯಂತ್ರ ಬೇರೆಬೇರೆಯಾಗಿ ಅಳೆಯುವುದಿಲ್ಲ. ಕೆಲವನ್ನು ಅಳೆದು, ಉಳಿದವನ್ನು ಅವುಗಳಿಂದ ಲೆಕ್ಕ ಹಾಕುತ್ತದೆ. ಆದ್ದರಿಂದ ಅವು ಒಂದಕ್ಕೊಂದು ಹೊಂದಲೇಬೇಕು. ಪಿಸಿವಿಯನ್ನು ಹತ್ತರಿಂದ ಗುಣಿಸಿ ಆರ್‌ಬಿಸಿಯಿಂದ ಭಾಗಿಸಿದರೆ ಎಂಸಿವಿ ಬರಬೇಕು. ಹಿಮೋಗ್ಲೋಬಿನ್ನನ್ನು ಹತ್ತರಿಂದ ಗುಣಿಸಿ ಆರ್‌ಬಿಸಿಯಿಂದ ಭಾಗಿಸಿದರೆ ಎಂಸಿಎಚ್. ಹಿಮೋಗ್ಲೋಬಿನ್ನನ್ನು ನೂರರಿಂದ ಗುಣಿಸಿ ಪಿಸಿವಿಯಿಂದ ಭಾಗಿಸಿದರೆ ಎಂಸಿಎಚ್‌ಸಿ. ಮೇಲಿನ ಟೇಬಲಿನಲ್ಲಿ ಹಿಮೋಗ್ಲೋಬಿನ್ ಶೀಟಿನ 2ನೇ ಸಾಲಿನಲ್ಲಿದ್ದರೆ ಸೂತ್ರಗಳು ಹೀಗೆ:

```
=B4*10/B3
=B2*10/B3
=B2*100/B4
```

ನಾನು ತಪ್ಪಾಗಿ ಬರೆದ 38.1 ಇಟ್ಟುಕೊಂಡು ಮಾಡಿದಾಗ ಎಂಸಿವಿ 82.5 ಬಂತು. ಹಾಳೆಯಲ್ಲಿ ಇದ್ದದ್ದು 71.6. ಎಂಸಿಎಚ್‌ಸಿ 27.3 ಬಂತು, ಹಾಳೆಯಲ್ಲಿ 31.4. ಎಂಸಿಎಚ್ ಮಾತ್ರ 22.5, ಸರಿಯಾಗಿ ಹೊಂದಿತು. ಎಂಸಿಎಚ್ ಲೆಕ್ಕದಲ್ಲಿ ಹಿಮೋಗ್ಲೋಬಿನ್ ಮತ್ತು ಆರ್‌ಬಿಸಿ ಇವೆ, ಪಿಸಿವಿ ಇಲ್ಲ. ಹಾಗಾದರೆ ಆ ಎರಡೂ ಸರಿ, ಕೆಟ್ಟಿರುವುದು ಪಿಸಿವಿ ಒಂದೇ. ಫೋಟೊ ದೊಡ್ಡದು ಮಾಡಿ ನೋಡಿದೆ. 33.1 ಎಂದು ಇಟ್ಟಾಗ ಮೂರೂ ಹೊಂದಿದವು. ಕೊನೆಯ ಅಂಕಿಯಲ್ಲಿ ಒಂದೆರಡು ವ್ಯತ್ಯಾಸ ಬಂದರೆ ಹೆದರಬೇಡಿ, ಹಾಳೆಯಲ್ಲಿ ಅಂಕಿಗಳನ್ನು ದುಂಡು ಮಾಡಿರುತ್ತಾರೆ.

ಇಂಥ ಹೊಂದಾಣಿಕೆ ಬೇರೆ ಕಡೆಯೂ ಇದೆ. ಬಿಳಿ ರಕ್ತಕಣಗಳ ಐದು ಬಗೆಯ ಶೇಕಡಾವಾರು ಸೇರಿಸಿದರೆ ನೂರಾಗಬೇಕು. ನೇರ ಮತ್ತು ಪರೋಕ್ಷ ಬಿಲಿರುಬಿನ್ ಸೇರಿದರೆ ಒಟ್ಟು ಬಿಲಿರುಬಿನ್. ಆಲ್ಬುಮಿನ್ ಮತ್ತು ಗ್ಲೋಬುಲಿನ್ ಸೇರಿದರೆ ಒಟ್ಟು ಪ್ರೋಟೀನ್. ಹಾಳೆಯ ಮೇಲೆ ಲ್ಯಾಬ್ ತಾನೇ ಹಾಕಿದ H, L ಅಥವಾ ದಪ್ಪ ಅಕ್ಷರಗಳನ್ನೂ ನಿಮ್ಮ ಗುರುತಿನ ಪಕ್ಕ ಇಟ್ಟು ನೋಡಿ. ಲ್ಯಾಬ್ H ಎಂದಿದ್ದು ನಿಮ್ಮಲ್ಲಿ ಖಾಲಿ ಇದ್ದರೆ, ಅಂಕಿಯನ್ನೋ ಮಿತಿಯನ್ನೋ ನೀವು ತಪ್ಪು ಓದಿದ್ದೀರಿ, ಇಲ್ಲವೇ ಸಾಲು ಜಾರಿದ್ದೀರಿ.

ಆದರೆ ಟಿಎಸ್‌ಎಚ್, ಪೊಟ್ಯಾಸಿಯಂ ಇವುಗಳಿಗೆ ಹೀಗೆ ಜೊತೆಯ ಅಂಕಿ ಇಲ್ಲ. 5.1 ಅನ್ನು 6.1 ಎಂದು ಓದಿದರೆ ಯಾವ ಲೆಕ್ಕವೂ ಹೇಳುವುದಿಲ್ಲ. ಅವಕ್ಕೆ ನಾನು ಊರಿಗೆ ಫೋನ್ ಮಾಡುತ್ತೇನೆ. ಅಮ್ಮ ಕನ್ನಡಕ ಹಾಕಿಕೊಂಡು, ಮೂಲ ಹಾಳೆ ಎದುರಿಟ್ಟುಕೊಂಡು, ಒಂದೊಂದೇ ಅಂಕಿಯನ್ನು "ಐದು ಚುಕ್ಕೆ ಒಂದು" ಎಂದು ಓದುತ್ತಾರೆ. ನಾನು ಟೇಬಲ್ ನೋಡುತ್ತಾ ಗುರುತು ಹಾಕುತ್ತೇನೆ. ನಾನು ಓದಿ ಅವರು ಹೂಂ ಅನ್ನುವುದು ಬೇಡ. ಹಾಗೆ ಮಾಡಿದರೆ ನನ್ನ ತಪ್ಪಿಗೂ ಹೂಂ ಸಿಗುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ ಟೇಬಲಿನ ಹಿಂದೆ ಮೂಲ ರಿಪೋರ್ಟುಗಳನ್ನು ಪಿನ್ ಮಾಡಿಕೊಂಡು ಹೋಗಿ. ಯಾವ ಅಂಕಿಯಾದರೂ ಓದಲು ಆಗದೇ ಹೋದರೆ ಆ ಮನೆಯಲ್ಲಿ "ಓದಲಾಗಲಿಲ್ಲ" ಎಂದೇ ಬರೆದಿರಿ.